ಅಡ್ವಾನ್ಸ್ ರಶೀದಿಯನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುವುದು ಹೇಗೆ?

(ಹೊಲಿಗೆ ಘಟಕಗಳ ಲೆಕ್ಕ ಬರೆಯುವ ಸದಸ್ಯೆಯರ ಸಭೆಯಲ್ಲಿ ಮಾಡಿದ ಮಾತುಗಳ ಬರಹ ರೂಪ)



ಹೊಲಿಗೆ ಘಟಕಗಳ ಪುಸ್ತಕಗಳನ್ನು ನೋಡಲು ಕೂತಾಗ ನಮಗೆ ಹೆಚ್ಚಾಗಿ ತಕರಾರು ಕಾಣುವುದು ಒಂದೇ ಜಾಗದಲ್ಲಿ. ಅದು ಆರ್ಡರಿನ ಮೇಲೆ ಮಾಡಿಕೊಟ್ಟ ಕೆಲಸಕ್ಕೆ ಮೊದಲೇ ತಗೊಂಡ ಅಡ್ವಾನ್ಸ್. ಹಣ ಕೈಗೆ ಬಂದಿದೆ, ರಶೀದಿ ಕೊಟ್ಟಿದ್ದೇವೆ, ಮಾಲು ಸಹ ಕೊಟ್ಟಾಗಿದೆ. ಆದರೂ ಲೆಕ್ಕ ಕೂಡುವುದಿಲ್ಲ. ಆದ್ದರಿಂದ ಈ ದಿನ ಬೇರೆ ವಿಷಯಕ್ಕೆ ಹೋಗದೆ ಇದೊಂದನ್ನೇ ನಿಧಾನವಾಗಿ ನೋಡೋಣ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಬೇಕು. ಅಡ್ವಾನ್ಸ್ ನಮ್ಮ ಗಳಿಕೆಯಲ್ಲ, ಅದು ನಾವು ಹೊತ್ತುಕೊಂಡ ಋಣ. ಗಿರಾಕಿ ಹಣ ಕೊಟ್ಟ ದಿನ ನಾವು ಅವರಿಗೆ ಬಟ್ಟೆ ಕೊಡಬೇಕಾದವರು ಆಗುತ್ತೇವೆ. ಮಾಲು ಒಪ್ಪಿಸಿ ಬಿಲ್ಲು ಕೊಟ್ಟ ದಿನವೇ ಆ ಋಣ ತೀರಿ ಹಣ ಮಾರಾಟದ ಹಣವಾಗುವುದು. ಅದಕ್ಕಾಗಿ ಪುಸ್ತಕದಲ್ಲಿ ‘ಗಿರಾಕಿಗಳ ಮುಂಗಡ’ ಎಂಬ ಬೇರೆ ಖಾತೆ ಇರಲೇಬೇಕು. ಅಡ್ವಾನ್ಸ್ ಬಂದಾಗ ಅಲ್ಲಿಗೆ ಜಮಾ. ಬಿಲ್ಲು ಆದಾಗ ಅಲ್ಲಿಂದ ತೆಗೆದು ಆ ಗಿರಾಕಿಯ ಖಾತೆಗೆ ಜಮಾ. ಮಾರಾಟದ ಖಾತೆಗೆ ಅಡ್ವಾನ್ಸ್ ನೇರವಾಗಿ ಹೋಗಲೇಬಾರದು.

ಇದನ್ನು ಒಂದು ಲೆಕ್ಕ ಹಾಕಿಯೇ ನೋಡೋಣ. ಒಂದು ಘಟಕಕ್ಕೆ ಹತ್ತಿರದ ಶಾಲೆಯಿಂದ ಸಮವಸ್ತ್ರದ ಆರ್ಡರ್ ಬಂತು ಎಂದು ಇಟ್ಟುಕೊಳ್ಳಿ. ಬಟ್ಟೆಯೂ ಘಟಕದ್ದೇ, ಹೊಲಿಗೆಯೂ ಘಟಕದ್ದೇ. 120 ಜೊತೆ, ಜೊತೆಗೆ 650 ರೂಪಾಯಿ. ಆರ್ಡರ್ ಚೀಟಿಯ ನಂಬರು 7. ಶಾಲೆಯವರು ಮಾರ್ಚ್ 18ರಂದು 30,000 ರೂಪಾಯಿ ಕೊಟ್ಟರು, ಅದಕ್ಕೆ ರಶೀದಿ ನಂಬರು 14. ಬಟ್ಟೆ ಸಾಲದೆ ಮೇ 6ರಂದು ಇನ್ನೂ 15,000 ಕೇಳಿ ತಗೊಂಡರು, ಅದಕ್ಕೆ ರಶೀದಿ ನಂಬರು 19. ಹೊಸ ಮಕ್ಕಳು ಸೇರಿದ್ದರಿಂದ ಕೊನೆಗೆ ಬೇಕಾದದ್ದು 124 ಜೊತೆ. ಮೇ 28ರಂದು ಎಲ್ಲವನ್ನೂ ಒಪ್ಪಿಸಿದರು.

ಈಗ ರಶೀದಿಯಲ್ಲಿ ಏನು ಬರೆಯಬೇಕು? ‘ಶಾಲೆಯಿಂದ ಬಂದದ್ದು 30,000’ ಎಂದು ಬರೆದರೆ ಸಾಲದು. ‘ಆರ್ಡರ್ ನಂ. 7, ಸಮವಸ್ತ್ರ 120 ಜೊತೆ, ಇದರ ಬಾಬ್ತು ಮುಂಗಡ’ ಎಂದು ಬರೆಯಬೇಕು. ಅದೇ ಶಾಲೆಯವರು ನಾಳೆ ವಾರ್ಷಿಕೋತ್ಸವಕ್ಕೆ ಪರದೆ ಹೊಲಿಸಿದರೆ ಯಾವ ಹಣ ಯಾವುದಕ್ಕೆ ಎಂದು ಆಗ ಯಾರೂ ಗಲಾಟೆ ಮಾಡಬೇಕಾಗಿಲ್ಲ. ನಗದಾಗಿ ತಗೊಂಡ ಹಣ 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಮಾಡಬೇಕು.

ಇನ್ನು ಬಿಲ್ಲು. ಅದನ್ನು ಹೀಗೆ ಬರೆಯಬೇಕು:

ಬಿಲ್ಲು ನಂ. 32, ಮೇ 28, ಆರ್ಡರ್ ನಂ. 7
ಸಮವಸ್ತ್ರ 124 ಜೊತೆ × 650 = 80,600
ವಜಾ: ಮುಂಗಡ, ರಶೀದಿ ನಂ. 14, ಮಾರ್ಚ್ 18 = 30,000
ವಜಾ: ಮುಂಗಡ, ರಶೀದಿ ನಂ. 19, ಮೇ 6 = 15,000
ಕೊಡಬೇಕಾದ ಬಾಕಿ = 35,600

ಇದರಲ್ಲಿ ಮುಖ್ಯವಾದದ್ದು ಎರಡು. ಒಂದು, ಬಿಲ್ಲಿನ ಮೊದಲ ಸಾಲಿನಲ್ಲಿ ಪೂರ್ತಿ ಮಾಲು, ಪೂರ್ತಿ ಬೆಲೆ ಇರಬೇಕು. ಎರಡು, ಪ್ರತಿಯೊಂದು ರಶೀದಿಯೂ ಅದರ ನಂಬರು ಮತ್ತು ತಾರೀಕಿನೊಂದಿಗೆ ಬೇರೆ ಬೇರೆ ಸಾಲಿನಲ್ಲಿ ವಜಾ ಆಗಬೇಕು. ಎರಡನ್ನೂ ಕೂಡಿಸಿ ‘ಅಡ್ವಾನ್ಸ್ 45,000’ ಎಂದು ಬರೆದರೆ ಸುಲಭ ಅನಿಸುತ್ತದೆ. ಆದರೆ ರಶೀದಿ 19 ಸೇರಿದೆಯೋ ಇಲ್ಲವೋ ಎಂದು ಮುಂದೆ ನೋಡುವವರಿಗೆ ಗೊತ್ತಾಗುವುದಿಲ್ಲ.

ಬಿಲ್ಲು ಕೊಡುವಾಗ ಶಾಲೆಯವರ ಹತ್ತಿರ ಇರುವ ಎರಡು ರಶೀದಿಗಳನ್ನೂ ಕೇಳಿ ನೋಡಿ. ಅವುಗಳ ಮೇಲೆ ‘ಬಿಲ್ಲು 32ರಲ್ಲಿ ಮುರಿದಿದೆ’ ಎಂದು ಬರೆದು ಸಹಿ ಮಾಡಿ ವಾಪಸ್ಸು ಕೊಡಿ. ನಮ್ಮ ರಶೀದಿ ಪುಸ್ತಕದ ನಕಲಿನ ಮೇಲೂ ಅದನ್ನೇ ಬರೆಯಿರಿ. ರಶೀದಿಯನ್ನು ಕಸಿದುಕೊಂಡು ಹರಿದು ಹಾಕುವುದು ಬೇಡ, ಅವರ ಆಡಿಟಿಗೂ ಅದು ಬೇಕಾಗುತ್ತದೆ. ಬಾಕಿ 35,600 ಬಂದಾಗ ಅಷ್ಟಕ್ಕೇ ಹೊಸ ರಶೀದಿ ಕೊಡಿ, ಅದರಲ್ಲಿ ‘ಬಿಲ್ಲು 32 ಚುಕ್ತಾ’ ಎಂದು ಬರೆಯಿರಿ. 80,600ಕ್ಕೆ ರಶೀದಿ ಕೊಟ್ಟರೆ 45,000ಕ್ಕೆ ಎರಡು ಸಲ ರಶೀದಿ ಕೊಟ್ಟ ಹಾಗಾಗುತ್ತದೆ.

ತಪ್ಪು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಆಗುತ್ತದೆ. ಎರಡನ್ನೂ ಈ ಲೆಕ್ಕದಲ್ಲೇ ನೋಡೋಣ. ಒಂದು ಜೊತೆಗೆ ಬಟ್ಟೆ, ಗುಂಡಿ, ದಾರಕ್ಕೆ 330, ಹೊಲಿಗೆ ಕೂಲಿ 200 ಎಂದು ಹಿಡಿದರೆ ಖರ್ಚು 530. ಉಳಿಯುವುದು 120. 124 ಜೊತೆಗೆ ನಿಜವಾದ ಉಳಿತಾಯ 14,880 ರೂಪಾಯಿ.

ಮೊದಲನೆಯ ತಪ್ಪು: ಅಡ್ವಾನ್ಸ್ ಬಂದಾಗಲೇ ಮಾರಾಟಕ್ಕೆ ಬರೆದುಬಿಡುವುದು, ಆಮೇಲೆ ಬಿಲ್ಲು ಆದಾಗ ಪೂರ್ತಿ 80,600ನ್ನೂ ಮಾರಾಟಕ್ಕೆ ಬರೆಯುವುದು. ಆಗ ಮಾರಾಟ 1,25,600 ಎಂದು ಕಾಣುತ್ತದೆ, ಲಾಭ 59,880 ಎಂದು ಕಾಣುತ್ತದೆ. ಸದಸ್ಯೆಯರು ಪುಸ್ತಕ ನೋಡಿ ‘ಇಷ್ಟು ಲಾಭ ಇದೆಯಲ್ಲ, ಹಂಚಿಕೊಳ್ಳೋಣ’ ಅಂತಾರೆ. ಹಂಚಲು ಹಣ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಇದ್ದದ್ದನ್ನು ಹಂಚಿದರೆ ಮುಂದಿನ ಆರ್ಡರಿಗೆ ಬಟ್ಟೆ ತರುವ ಹಣ ಹೋಗುತ್ತದೆ. ಆಗ ಕಾಸು ಕದ್ದವರು ಯಾರು ಎಂಬ ಮಾತು ಹುಟ್ಟುತ್ತದೆ. ಕದ್ದವರು ಯಾರೂ ಇಲ್ಲ, ಬರೆದದ್ದು ಎರಡು ಸಲ ಅಷ್ಟೇ.

ಎರಡನೆಯ ತಪ್ಪು: ಅಡ್ವಾನ್ಸನ್ನು ಸರಿಯಾಗಿ ಮುಂಗಡ ಖಾತೆಗೆ ಬರೆದು, ಕೊನೆಗೆ ಬಾಕಿ 35,600ಕ್ಕೆ ಮಾತ್ರ ಬಿಲ್ಲು ಮಾಡುವುದು. ಆಗ ಮಾರಾಟ 35,600, ಖರ್ಚು 65,720. ಪುಸ್ತಕದಲ್ಲಿ 30,120 ರೂಪಾಯಿ ನಷ್ಟ! ಸಾಲಕ್ಕೆ ಬ್ಯಾಂಕಿಗೆ ಹೋದರೆ ಅವರು ನೋಡುವುದು ಈ ನಷ್ಟವನ್ನೇ. ಶಾಲೆಯವರಿಗೂ ಕಷ್ಟ. 80,600 ಕೊಟ್ಟಿದ್ದಾರೆ, ಬಿಲ್ಲು ಮಾತ್ರ 35,600ಕ್ಕೆ ಇದೆ.

ಈ ತಪ್ಪುಗಳನ್ನು ಪತ್ತೆ ಮಾಡುವುದು ಕಷ್ಟವಲ್ಲ. ಹಣವೆಲ್ಲ ಬಂದ ಮೇಲೂ ಶಾಲೆಯ ಖಾತೆಯಲ್ಲಿ ನಮಗೆ 45,000 ಬರಬೇಕು ಎಂದು ತೋರಿಸಿದರೆ ಮೊದಲನೆಯ ತಪ್ಪು ಆಗಿದೆ. ಮಾಲೆಲ್ಲ ಕೊಟ್ಟ ಮೇಲೂ ಮುಂಗಡ ಖಾತೆಯಲ್ಲಿ ನಾವು ಶಾಲೆಗೆ 45,000 ಕೊಡಬೇಕು ಎಂದು ತೋರಿಸಿದರೆ ಎರಡನೆಯದು. ನಿಂತಿರುವ ಮೊತ್ತ ಅಡ್ವಾನ್ಸಿನ ಮೊತ್ತಕ್ಕೆ ಸರಿಯಾಗಿದ್ದರೆ ಬೇರೆಲ್ಲೂ ಹುಡುಕಬೇಡಿ, ಮುರಿದುಕೊಳ್ಳುವುದರಲ್ಲೇ ತಪ್ಪಿದೆ. ತಿಂಗಳ ಕೊನೆಗೆ ಮುಂಗಡ ಖಾತೆಯನ್ನು ತೆರೆದು ಒಂದೊಂದು ಮೊತ್ತದ ಮೇಲೂ ಬೆರಳಿಟ್ಟು ಕೇಳಿ: ‘ಇವರ ಮಾಲು ಇನ್ನೂ ನಮ್ಮಲ್ಲೇ ಇದೆಯಾ?’ ಇದ್ದರೆ ಸರಿ. ಮಾಲು ಹೋಗಿದ್ದು ಮುಂಗಡ ಉಳಿದಿದ್ದರೆ ಆವತ್ತೇ ಸರಿ ಮಾಡಿ.

ಮಾರ್ಚ್ 31ರಂದು ಇದನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು. ನಮ್ಮ ಉದಾಹರಣೆಯಲ್ಲಿ 30,000 ಬಂದದ್ದು ಹಳೆಯ ವರ್ಷದಲ್ಲಿ, ಮಾಲು ಕೊಟ್ಟದ್ದು ಹೊಸ ವರ್ಷದಲ್ಲಿ. ಹಳೆಯ ವರ್ಷದ ಲೆಕ್ಕದಲ್ಲಿ ಅದು ಕೊಡಬೇಕಾದ ಬಾಬ್ತಾಗಿಯೇ ಉಳಿದು ಹೊಸ ಪುಸ್ತಕದ ಮೊದಲ ಪುಟಕ್ಕೆ ಬರಬೇಕು. ಹೊಸ ಪುಸ್ತಕ ಶುರು ಮಾಡುವಾಗ ನಗದು ಶಿಲ್ಕು ಮಾತ್ರ ತಂದು ಇದನ್ನು ಬಿಟ್ಟರೆ, ಮೇ ತಿಂಗಳಲ್ಲಿ ಬಿಲ್ಲು ಬರೆಯುವವರಿಗೆ 15,000 ಮಾತ್ರ ಕಾಣುತ್ತದೆ. ಶಾಲೆಯವರಿಗೆ 65,600 ಬಾಕಿ ಎಂದು ಬಿಲ್ಲು ಹೋಗುತ್ತದೆ. ಅಲ್ಲಿಗೆ ಮುಂದಿನ ವರ್ಷದ ಆರ್ಡರ್ ಕೈ ತಪ್ಪಿದ ಹಾಗೆಯೇ.

ಮಾಲನ್ನು ಎರಡು ಕಂತಿನಲ್ಲಿ ಕೊಟ್ಟರೆ ಏನು ಮಾಡೋದು ಎಂದು ಕೆಲವರು ಕೇಳುತ್ತಾರೆ. ಮೊದಲು 70 ಜೊತೆ ಕೊಟ್ಟರೆ ಬಿಲ್ಲು 45,500. ಅದರಲ್ಲಿ 45,000 ಮುಂಗಡವನ್ನು ಮುರಿದರೆ ಬಾಕಿ 500. ಬಿಲ್ಲಿನ ಕೆಳಗೆ ‘ಉಳಿದ ಮುಂಗಡ: ಇಲ್ಲ’ ಎಂದು ಬರೆಯಿರಿ. ಆಮೇಲೆ 54 ಜೊತೆಗೆ ಬಿಲ್ಲು 35,100, ಇದರಲ್ಲಿ ವಜಾ ಏನೂ ಇಲ್ಲ. ಒಟ್ಟು ಬಾಕಿ ಅದೇ 35,600. ಆ ಒಂದು ಸಾಲು ಬರೆಯದಿದ್ದರೆ ಎರಡನೆಯ ಬಿಲ್ಲಿನಲ್ಲೂ ಅದೇ ಮುಂಗಡ ಇನ್ನೊಮ್ಮೆ ಮುರಿದುಹೋಗುತ್ತದೆ.

ಕೆಲಸ ಕಡಿಮೆಯಾಗಿ ಸ್ವಲ್ಪ ಹಣ ವಾಪಸ್ಸು ಕೊಡಬೇಕಾದರೆ, ರಶೀದಿಯ ನಂಬರು ಬರೆದ ಓಚರಿಗೆ ಅವರ ಸಹಿ ಪಡೆದು ಮುಂಗಡ ಖಾತೆಯಿಂದಲೇ ಕೊಡಿ. ಆದರೆ ಶಾಲೆಯ ಬಣ್ಣದ ಬಟ್ಟೆ ಕತ್ತರಿಸಿದ ಮೇಲೆ ಅದನ್ನು ಬೇರೆಯವರು ಕೊಳ್ಳುವುದಿಲ್ಲ. ಹಾಗಾಗಿ ‘ಕತ್ತರಿಸಿದ ಬಟ್ಟೆಯ ಬೆಲೆ ಹಿಡಿದು ಉಳಿದದ್ದನ್ನು ವಾಪಸ್ಸು ಕೊಡಲಾಗುವುದು’ ಎಂಬ ಮಾತನ್ನು ಆರ್ಡರ್ ಚೀಟಿಯಲ್ಲಿ ಮೊದಲೇ ಬರೆದು ಎರಡೂ ಕಡೆಯವರು ಸಹಿ ಮಾಡಿರಬೇಕು.

ಕೊನೆಗೆ ಜಿ.ಎಸ್.ಟಿ. ಬಗ್ಗೆ. ನಮ್ಮ ರಾಜ್ಯದಲ್ಲಿ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ಮೀರಿದಾಗ ಸಾಮಾನ್ಯವಾಗಿ ನೋಂದಣಿ ಬೇಕಾಗುತ್ತದೆ. ನೋಂದಣಿ ಇಲ್ಲದ ಘಟಕದವರು ಬಿಲ್ಲಿನಲ್ಲಿ ತೆರಿಗೆ ಹಾಕುವ ಹಾಗಿಲ್ಲ. ಸಾಮಾನ್ಯ ಪದ್ಧತಿಯಲ್ಲಿ ನೋಂದಣಿ ಮಾಡಿಸಿದವರಿಗೆ ಒಂದು ವ್ಯತ್ಯಾಸ ಗೊತ್ತಿರಬೇಕು. ನಮ್ಮದೇ ಬಟ್ಟೆಯಿಂದ ಹೊಲಿದು ಮಾರಿದರೆ ಅದು ಸರಕು. ಸರಕಿನ ಅಡ್ವಾನ್ಸಿಗೆ 2017ರ ನವೆಂಬರ್ 15ರಿಂದ ತೆರಿಗೆ ಕಟ್ಟಬೇಕಿಲ್ಲ, ಬಿಲ್ಲು ಆದಾಗ ಕಟ್ಟಿದರೆ ಸಾಕು. ಗಿರಾಕಿ ಬಟ್ಟೆ ತಂದುಕೊಟ್ಟು ನಾವು ಹೊಲಿದು ಮಾತ್ರ ಕೊಟ್ಟರೆ ಅದು ಸೇವೆ. ಸೇವೆಯ ಅಡ್ವಾನ್ಸಿಗೆ ಹಣ ಬಂದ ತಿಂಗಳ ಲೆಕ್ಕದಲ್ಲೇ ತೆರಿಗೆ ತೋರಿಸಿ, ಬಿಲ್ಲಿನಲ್ಲಿ ಅಷ್ಟು ತೆರಿಗೆಯನ್ನು ಮುರಿದುಕೊಳ್ಳಬೇಕು.

ಸರಕಿನ ಬಿಲ್ಲಿನಲ್ಲಿ ತೆರಿಗೆ ಹಾಕುವುದು ಪೂರ್ತಿ ಬೆಲೆಯ ಮೇಲೆ, ಬಾಕಿಯ ಮೇಲಲ್ಲ. ಶೇಕಡಾ 5ರ ದರದಲ್ಲಿ 80,600ಕ್ಕೆ ತೆರಿಗೆ 4,030. ಒಟ್ಟು 84,630ರಲ್ಲಿ 45,000 ವಜಾ ಮಾಡಿದರೆ ಬಾಕಿ 39,630. ಮೊದಲು ಅಡ್ವಾನ್ಸ್ ಕಳೆದು 35,600ಕ್ಕೆ ಮಾತ್ರ ತೆರಿಗೆ ಹಾಕಿದರೆ ಬರುವುದು 1,780. ಉಳಿದ 2,250 ರೂಪಾಯಿಯನ್ನು ನಾಳೆ ಇಲಾಖೆಯವರು ಕೇಳಿದಾಗ ಘಟಕದವರೇ ಕೈಯಿಂದ ಕಟ್ಟಬೇಕು. ಮೇಲೆ ಹೇಳಿದ ಕೂಲಿಯ ಲೆಕ್ಕದಲ್ಲಿ ಅದು ಹನ್ನೊಂದು ಜೊತೆ ಹೊಲಿದ ಕೂಲಿಗಿಂತ ಹೆಚ್ಚು.

ಈಗ ನೀವು ತಂದಿರುವ ರಶೀದಿ ಪುಸ್ತಕಗಳನ್ನು ತೆರೆಯಿರಿ. ಯಾವ ಅಡ್ವಾನ್ಸ್ ನಕಲಿನ ಮೇಲೆ ಬಿಲ್ಲಿನ ನಂಬರು ಬಿದ್ದಿಲ್ಲವೋ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಊಟದ ನಂತರ ಒಂದೊಂದಾಗಿ ಕೂತು ನೋಡೋಣ.