ದಿನಕ್ಕೆ ದಿನ



ದಾಂಡೇಲಿಯ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರು ಗೆಳೆಯರು ಅಂದುಕೊಳ್ಳಿ. ಇಬ್ಬರ ತಂದೆಯರೂ ಕಾಗದ ಕಾರ್ಖಾನೆಯ ಕಾರ್ಮಿಕರು. ಈಗ ಒಬ್ಬ ಬೆಂಗಳೂರಿನ ಐಟಿ ಕಂಪನಿಯಲ್ಲಿದ್ದಾನೆ. ಇನ್ನೊಬ್ಬ ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ಕಾಳಿ ನದಿಯ ರಾಫ್ಟಿಂಗಿಗೆ ಕರೆದೊಯ್ಯುತ್ತಾನೆ.

ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬರುತ್ತದೆ: ಶನಿವಾರ ನದಿ ದಂಡೆಯ ರೆಸಾರ್ಟಿನಲ್ಲಿ ಸೇರೋಣ, ತಲೆಗೆ 2,500 ರೂಪಾಯಿ. ಬೆಂಗಳೂರಿನವನಿಗೆ ಅದು ಲೆಕ್ಕಕ್ಕಿಲ್ಲದ ಖರ್ಚು. ಗಣೇಶಗುಡಿಯವನಿಗೆ ಅದು ಎರಡು ಪಟ್ಟು ಪೆಟ್ಟು. ಪ್ರವಾಸಿಗರು ಬರುವುದೇ ಶನಿವಾರ, ಭಾನುವಾರ. ಅವನ ವಾರದ ಗಳಿಕೆ ಆ ಎರಡು ದಿನಗಳಲ್ಲೇ. ರೆಸಾರ್ಟಿಗೆ ಹೋದರೆ ಕೈಯಿಂದ ರೊಕ್ಕವೂ ಹೋಯಿತು, ಬರುವ ಕೂಲಿಯೂ ಹೋಯಿತು.

ಅವನು ಬರೆಯುವುದು ಇಷ್ಟೇ: 'ಡ್ಯೂಟಿ ಐತಿ, ಬರಾಕ ಆಗಂಗಿಲ್ಲ.' ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧ ಕೇಳಿಸದ ಗೆಳೆಯ ಇವನಿಗೆ ನಮ್ಮ ಮೇಲೆ ಮನಸ್ಸಿಲ್ಲ ಎಂದುಕೊಳ್ಳುತ್ತಾನೆ. ಮೂರನೇ ಸಲ ಕರೆಯುವುದನ್ನೇ ಬಿಡುತ್ತಾನೆ. ಜಗಳವೇ ಆಗದೆ ಗೆಳೆತನ ತಣ್ಣಗಾಗುವುದು ಹೀಗೆ.

'ಬಾರಲೇ, ನಿನ್ನ ರೊಕ್ಕ ನಾ ಕೊಡ್ತೀನಿ' ಅಂದರೆ ಸರಿಹೋಗುತ್ತದೆಯೇ? ಒಂದು ಸಲ ಸರಿಹೋದೀತು. ಮತ್ತೆ ಮತ್ತೆ ಆದಾಗ ಅವನು ಬರುವುದು ಅತಿಥಿಯಾಗಿ. ತಿರುಗಿ ಕರೆಯಲಾರದ ಅತಿಥಿ. ಅದರ ಭಾರ ಹೊತ್ತವನಿಗೇ ಗೊತ್ತು.

ಹಳಿಯಾಳ, ಮುಂಡಗೋಡದ ಗದ್ದೆಗಳಲ್ಲಿ ನಾಟಿ, ಕೊಯ್ಲಿನ ಹೊತ್ತಿಗೆ ಮುಯ್ಯಾಳು ಹೋಗುವ ರೂಢಿ ನಿಮಗೆ ಗೊತ್ತು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಲ್ಲಿ ಎಣಿಸುವುದು ದಿನವನ್ನು, ರೊಕ್ಕವನ್ನಲ್ಲ. ಎಂಟು ಎಕರೆಯವನ ಒಂದು ದಿನ, ಒಂದು ಎಕರೆಯವನ ಒಂದು ದಿನ, ಎರಡೂ ಸಮ. ಕೊಟ್ಟವನು ದೊಡ್ಡವನಾಗಲಿಲ್ಲ, ಪಡೆದವನು ಋಣದಲ್ಲಿ ಬೀಳಲಿಲ್ಲ. ಗಳಿಕೆ ದೂರ ದೂರವಾದ ಗೆಳೆಯರ ನಡುವೆ ಇಂದಿಗೂ ಸಮವಾಗಿ ಉಳಿದಿರುವುದು ಈ ದಿನವೊಂದೇ ಎಂದು ನನಗೆ ಅನ್ನಿಸುತ್ತದೆ.

ಹಾಗಾಗಿ ಬೆಂಗಳೂರಿನವನು ತನ್ನ ರಜೆಯನ್ನು ಗೆಳೆಯನ ಬಿಡುವಿಗೆ ಹೊಂದಿಸಿಕೊಳ್ಳಲಿ. ಮಳೆಗಾಲದಲ್ಲಿ ರಾಫ್ಟಿಂಗ್ ನಿಲ್ಲುತ್ತದೆ. ಆಗ ಗಣೇಶಗುಡಿಯವನ ಕೈಯಲ್ಲಿ ರೊಕ್ಕ ಕಡಿಮೆ, ಸಮಯ ಧಾರಾಳ. ಜುಲೈ ತಿಂಗಳ ಒಂದು ಮಂಗಳವಾರ ಅವನ ಮನೆಗೇ ಹೋಗಲಿ. ಅವರು ಬಡಿಸಿದ್ದನ್ನು ಉಂಡು, ಸಂಜೆಯವರೆಗೆ ಕೂತು ಮಾತಾಡಲಿ. ಹೊರಡುವಾಗ ಮಕ್ಕಳ ಕೈಗೆ ದೊಡ್ಡ ನೋಟು ತುರುಕುವುದು ಬೇಡ. ಆ ಊಟ ಅವನದಾಗಿಯೇ ಉಳಿಯಲಿ.

ಗಣೇಶಗುಡಿಯವನೂ ಒಂದು ಮಾತು ಆಡಬೇಕಾಗುತ್ತದೆ. 'ಶನಿವಾರ ನನ್ನ ಗಳಿಕಿ ದಿನಾಲೇ, ಅಷ್ಟು ರೊಕ್ಕಾನೂ ನನಗ ಆಗಂಗಿಲ್ಲ, ಮಂಗಳವಾರ ಬಾ.' ಬೆಂಚು ಹಂಚಿಕೊಂಡವನ ಮುಂದೆ ಇಷ್ಟು ಹೇಳಲು ನಾಚಿಕೆ ಯಾಕೆ?