ರಜಾ ಚೀಟಿಯ ‘ಕಾರಣ’ ಎಂಬ ಸಾಲು



ಶಾಲೆಯ ಡೈರಿಯ ಕೊನೆಯ ಪುಟಗಳಲ್ಲಿ ಗೈರುಹಾಜರಿಯ ಪಟ್ಟಿಯೊಂದು ಇರುತ್ತದೆ. ದಿನಾಂಕ, ಕಾರಣ, ಪೋಷಕರ ಸಹಿ. ಕಾರಣಕ್ಕೆಂದು ಬಿಟ್ಟಿರುವ ಜಾಗ ಎರಡು ಬೆರಳಿನಷ್ಟು ಅಗಲ. ‘ಜ್ವರ’ ಎಂಬ ಪದ ಅದರಲ್ಲಿ ಚೆನ್ನಾಗಿ ಹಿಡಿಸುತ್ತದೆ. ‘ಆತಂಕ’ವೂ ಹಿಡಿಸುತ್ತದೆ, ಆದರೆ ಯಾರೂ ಬರೆಯುವುದಿಲ್ಲ. ಈ ಎರಡು ದಿನದ ವಿಚಾರ ಸಂಕಿರಣದ ಆಶಯವನ್ನು ಆ ಎರಡು ಬೆರಳಿನ ಜಾಗದಿಂದಲೇ ಶುರುಮಾಡುತ್ತೇನೆ.

ನಾನು ಶಾಲಾ ಮಕ್ಕಳ ಆಪ್ತಸಮಾಲೋಚಕಿ. ಒಂದು ಪ್ರಸಂಗ ಹೇಳುತ್ತೇನೆ. ಗುರುತು ಸಿಗದಂತೆ ಎರಡು ಮೂರು ಮಕ್ಕಳ ಕಥೆಯನ್ನು ಇದರಲ್ಲಿ ಬೆರೆಸಿದ್ದೇನೆ.

ಮನೆ ಹತ್ತಿರದ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಹುಡುಗಿ ಜೂನ್‌ನಲ್ಲಿ ಹೈಸ್ಕೂಲಿಗೆ ಸೇರಿದಳು. ಜುಲೈ, ಆಗಸ್ಟ್ ಎರಡು ತಿಂಗಳಲ್ಲಿ 11 ದಿನ ಗೈರು. ಬೆಳಿಗ್ಗೆ ಏಳಕ್ಕೆ ಹೊಟ್ಟೆನೋವು, ಕೆಲವು ದಿನ ವಾಂತಿ. ‘ಇವತ್ತು ಬೇಡ ಬಿಡು’ ಎಂದ ಒಂದೆರಡು ಗಂಟೆಯಲ್ಲೇ ನೋವು ಮಾಯ, ಹತ್ತೂವರೆಗೆ ದೋಸೆ ಕೇಳುತ್ತಿದ್ದಳು. ಮಕ್ಕಳ ವೈದ್ಯರು ಪರೀಕ್ಷಿಸಿದರು, ಏನೂ ಸಿಗಲಿಲ್ಲ. ನೋವು ನಾಟಕವಾಗಿರಲಿಲ್ಲ. ಹೆದರಿದ ದೇಹಕ್ಕೆ ಹೊಟ್ಟೆ ನಿಜವಾಗಿಯೇ ಹಿಂಡುತ್ತದೆ. ಮನೆಯಲ್ಲಿ ಉಳಿದ ಕೂಡಲೇ ಸಿಗುವ ನಿರಾಳತೆಯಿಂದ ದೇಹ ಒಂದು ಪಾಠ ಕಲಿಯುತ್ತದೆ: ಉಳಿದರೆ ಬಚಾವು. ಹಾಗಾಗಿ ಒಂದೊಂದು ರಜೆಯೂ ಮುಂದಿನ ಬೆಳಿಗ್ಗೆಯನ್ನು ಇನ್ನಷ್ಟು ಕಠಿಣ ಮಾಡುತ್ತದೆ.

ಅಮ್ಮ ಪ್ರತಿ ಸಲವೂ ‘ಜ್ವರ’ ಎಂದೇ ಬರೆದರು. ಟೀಚರ್ ಜ್ವರಕ್ಕೆ ಮಾಡಬೇಕಾದ್ದನ್ನೇ ಮಾಡಿದರು: ‘ಸುಧಾರಿಸಿಕೋ, ನೋಟ್ಸ್ ಬರೆದುಕೋ’ ಎಂದರು. ಆರನೇ ಚೀಟಿಯ ಹೊತ್ತಿಗೆ ಅವರಿಗೂ ಅನುಮಾನ ಬಂದು, ತರಗತಿಯಲ್ಲೇ ‘ನಿನಗೇನು, ವಾರಕ್ಕೊಂದು ಜ್ವರನಾ?’ ಎಂದುಬಿಟ್ಟರು. ಮಕ್ಕಳು ನಕ್ಕರು. ಶಾಲೆಗೆ ಬಾರದಿರಲು ಹುಡುಗಿಗೆ ಹೊಸದೊಂದು ಕಾರಣ ಸಿಕ್ಕಿತು. ಆ ಹನ್ನೊಂದು ದಿನಗಳಲ್ಲಿ ಏಳು ಗುರುವಾರಗಳಿದ್ದವು ಎನ್ನುವುದು ಮಾತ್ರ ‘ಜ್ವರ’ದ ಮರೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಗುರುವಾರ ಇಂಗ್ಲಿಷ್ ಪಿರಿಯಡ್‌ನಲ್ಲಿ ಒಬ್ಬೊಬ್ಬರಾಗಿ ಎದ್ದು ನಿಂತು ಪಾಠ ಓದಬೇಕಿತ್ತು.

ಮಗಳು ಅತ್ತುಕೊಂಡು ಬಂದ ಮರುದಿನ ಅಮ್ಮ ಸೀದಾ ಸ್ಟಾಫ್ ರೂಮಿಗೆ ಹೋಗಿ ಎಲ್ಲವನ್ನೂ ಹೇಳಿಕೊಂಡರು. ಗಂಡನ ಕುಡಿತ, ಮನೆಯ ಜಗಳ, ಡಾಕ್ಟರ ಹೆಸರು, ಮಾತ್ರೆಯ ಹೆಸರು, ಏನನ್ನೂ ಬಿಡಲಿಲ್ಲ. ಕೇಳಿಸಿಕೊಂಡವರು ನಾಲ್ಕು ಜನ. ಎಲ್ಲರೂ ಒಳ್ಳೆಯವರೇ. ಅವರಲ್ಲೊಬ್ಬರು ಕನಿಕರದಿಂದಲೇ ತರಗತಿಯಲ್ಲಿ ಹೇಳಿದರು: ‘ಪಾಪ, ಅವಳಿಗೆ ಮನೇಲಿ ಟೆನ್ಶನ್ ಇದೆ, ಯಾರೂ ರೇಗಿಸಬೇಡಿ.’ ಅಂದು ಸಂಜೆ ಹುಡುಗಿ ಅಮ್ಮನನ್ನು ಕೇಳಿದಳು, ‘ಏನೇನು ಹೇಳ್ದೆ?’

ಮುಚ್ಚಿಟ್ಟಾಗ ಟೀಚರ್ ಕೈಗೆ ಮಾಡಲು ಏನೂ ಸಿಗಲಿಲ್ಲ. ಎಲ್ಲ ಹೇಳಿದಾಗಲೂ ಸಿಗಲಿಲ್ಲ, ಕನಿಕರ ಮಾತ್ರ ಸಿಕ್ಕಿತು. ಇವೆರಡರ ನಡುವೆ ಎಷ್ಟು ಹೇಳಬೇಕು? ಪೋಷಕರಿಗೆ ನಾನು ಕೊಡುವ ಅಳತೆಗೋಲು ಒಂದೇ. ಪ್ರತಿ ವಾಕ್ಯವನ್ನೂ ಬರೆದು ಕೇಳಿಕೊಳ್ಳಿ: ಇದು ತಿಳಿದರೆ ಟೀಚರ್ ನಾಳೆ ತರಗತಿಯಲ್ಲಿ ಏನನ್ನಾದರೂ ಬೇರೆ ರೀತಿ ಮಾಡಬಲ್ಲರೇ? ಮಾಡಬಲ್ಲರಾದರೆ ಇರಲಿ, ಇಲ್ಲವಾದರೆ ಹೊಡೆದುಹಾಕಿ. ಗಂಡನ ಕುಡಿತ ತಿಳಿದರೆ ಇಂಗ್ಲಿಷ್ ಪಿರಿಯಡ್ ಬದಲಾಗುವುದಿಲ್ಲ. ಎದ್ದು ಓದುವ ಭಯ ತಿಳಿದರೆ ಬದಲಾಗುತ್ತದೆ. ಮಾತ್ರೆಯ ಹೆಸರು ಬೇಡ. ಆದರೆ ಮಾತ್ರೆಯಿಂದ ಮೊದಲ ಪಿರಿಯಡ್‌ನಲ್ಲಿ ತೂಕಡಿಕೆ ಬರುವುದಿದ್ದರೆ, ಆ ತೂಕಡಿಕೆಯನ್ನು ಹೇಳಲೇಬೇಕು.

ಬರೆಯುವ ಮುನ್ನ ಮಗುವನ್ನು ಕೇಳಬೇಕು. ಅಮ್ಮನೊಂದಿಗೆ ನನ್ನ ಬಳಿ ಬಂದ ಹುಡುಗಿ, ನಾವು ಕೇಳಿದಾಗ ಅಂದಳು: ‘ಓದೋಕೆ ಭಯ ಅಂತ ಹೇಳ್ಬಹುದು. ಡಾಕ್ಟರ್ ಹತ್ರ ಹೋಗ್ತೀವಿ ಅಂತ ಬೇಡ.’ ಆ ಗೆರೆಯನ್ನು ದಾಟದೆ ಅಮ್ಮ ಬರೆದ ಪತ್ರ ಹೀಗಿತ್ತು:

‘ಮಾನ್ಯರೇ, ನನ್ನ ಮಗಳು ಜುಲೈ, ಆಗಸ್ಟ್ ತಿಂಗಳಲ್ಲಿ 11 ದಿನ ಶಾಲೆಗೆ ಬಂದಿಲ್ಲ. ಜ್ವರ ಎಂದು ಬರೆದಿದ್ದೆ, ಅದು ಸರಿಯಲ್ಲ. ಹೇಗೆ ಹೇಳಬೇಕೆಂದು ಆಗ ತೋಚಿರಲಿಲ್ಲ. ಶಾಲೆಗೆ ಹೊರಡುವಾಗ ಅವಳಿಗೆ ತುಂಬ ಆತಂಕವಾಗಿ ಹೊಟ್ಟೆನೋವು, ವಾಂತಿ ಆಗುತ್ತದೆ. ಎಲ್ಲರೆದುರು ನಿಂತು ಓದುವುದು ಅವಳಿಗೆ ಸದ್ಯಕ್ಕೆ ಅತಿ ಕಷ್ಟದ ಕೆಲಸ. ಇದಕ್ಕೆ ಬೇಕಾದ ನೆರವನ್ನು ನಾವು ಪಡೆಯುತ್ತಿದ್ದೇವೆ. ನಾಲ್ಕು ವಾರದ ಮಟ್ಟಿಗೆ ಎರಡು ಕೋರಿಕೆ. ತಡವಾಗಿ ಬಂದ ದಿನ ಏನೂ ಕೇಳದೆ ಒಳಗೆ ಕೂರಿಸಿಕೊಳ್ಳಿ. ಮೊದಲ ವಾರ ಓದುವ ಸರದಿ ಬೇಡ, ಎರಡನೇ ವಾರದಿಂದ ಹಿಂದಿನ ದಿನವೇ ತಿಳಿಸಿ, ಕೂತಲ್ಲಿಂದಲೇ ಎರಡು ಸಾಲು ಓದಿಸಿ. ಈ ವಿಷಯ ತಮ್ಮಲ್ಲಿ, ಇಂಗ್ಲಿಷ್ ಶಿಕ್ಷಕರಲ್ಲಿ ಮತ್ತು ಮುಖ್ಯೋಪಾಧ್ಯಾಯರಲ್ಲಿ ಮಾತ್ರ ಇರಲಿ. ನಾಲ್ಕು ವಾರದ ನಂತರ ನಾನೇ ಬಂದು ಭೇಟಿಯಾಗುತ್ತೇನೆ.’

ಈ ಪತ್ರದಲ್ಲಿ ಕಾಯಿಲೆಯ ಹೆಸರಿಲ್ಲ, ಮನೆಯ ಕಥೆಯಿಲ್ಲ. ಕೋರಿಕೆಗೆ ಗಡುವಿದೆ. ಗಡುವಿಲ್ಲದ ವಿನಾಯಿತಿ ಆತಂಕಕ್ಕೆ ಅನ್ನ ಹಾಕಿದಂತೆ. ‘ಅವಳನ್ನು ಇನ್ನು ಓದಿಸಲೇಬೇಡಿ’ ಎಂದಿದ್ದರೆ, ಮನೆಯಲ್ಲಿ ಉಳಿದು ಕಲಿತ ಪಾಠವನ್ನೇ ಹುಡುಗಿ ತರಗತಿಯಲ್ಲೂ ಕಲಿಯುತ್ತಿದ್ದಳು. ತಿಳಿಯಬೇಕಾದವರು ಮೂವರೇ ಎನ್ನುವುದನ್ನೂ ಪತ್ರ ಹೇಳಿತು. ಅದನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟರು. ತರಗತಿಯ ವಾಟ್ಸ್‌ಆಪ್ ಗುಂಪಿನಲ್ಲಿ ‘ಇವತ್ತು ರಜೆ’ ಎಂದಷ್ಟೇ ಹಾಕಿದರು. ಗೆಳತಿಯರು ಕೇಳಿದರೆ ಹೇಳಲು ಹುಡುಗಿಯೇ ಒಂದು ಮಾತು ಆರಿಸಿಕೊಂಡಳು: ‘ಹುಷಾರಿರಲಿಲ್ಲ.’ ಅದು ಸುಳ್ಳಲ್ಲ.

ಸೆಪ್ಟೆಂಬರ್‌ನಲ್ಲಿ ಗೈರು ಮೂರು ದಿನಕ್ಕೆ ಇಳಿಯಿತು. ದಸರಾ ರಜೆ ಮುಗಿದ ವಾರ ಹೊಟ್ಟೆನೋವು ಮತ್ತೆ ಬಂತು. ಉದ್ದ ರಜೆಯ ನಂತರ ಹೀಗಾಗುವುದು ಸಾಮಾನ್ಯ. ಆದರೆ ಈ ಸಲ ಅಮ್ಮ ‘ಪತ್ರದಲ್ಲಿ ಹೇಳಿದ್ದೇ, ಇವತ್ತು ಎರಡನೇ ಪಿರಿಯಡ್‌ಗೆ ಬರುತ್ತಾಳೆ’ ಎಂಬ ಒಂದು ಸಾಲು ಬರೆದರೆ ಸಾಕಾಯಿತು.

ಈ ಅಳತೆಗೋಲಿಗೂ ಮಿತಿಗಳಿವೆ. ಮಗು ತನಗೆ ತಾನೇ ಹಾನಿ ಮಾಡಿಕೊಳ್ಳುವ ಮಾತಾಡಿದ್ದರೆ, ಶಾಲೆಯಲ್ಲೇ ಯಾರಾದರೂ ಪೀಡಿಸುತ್ತಿದ್ದರೆ, ಅದು ಹೇಳಲೇಬೇಕಾದದ್ದರೊಳಗೇ ಬರುತ್ತದೆ. ಆಗ ಮುಖ್ಯೋಪಾಧ್ಯಾಯರಿಗೆ ನೇರವಾಗಿ ಹೇಳಬೇಕು. ಲೈಂಗಿಕ ದೌರ್ಜನ್ಯದ ಸುಳಿವಿದ್ದರಂತೂ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸದೆ ಗುಟ್ಟು ಉಳಿಸುವ ಅವಕಾಶ ನಮಗ್ಯಾರಿಗೂ ಇಲ್ಲ. ಹತ್ತನೇ ತರಗತಿಯಲ್ಲಿ ಶೇಕಡ 75 ಹಾಜರಾತಿಯ ಪ್ರಶ್ನೆ ಎದ್ದಾಗ ವೈದ್ಯರ ಪ್ರಮಾಣಪತ್ರ ಬೇಕಾಗಬಹುದು. ಅದಕ್ಕಾಗಿ ಇಡೀ ಫೈಲನ್ನು ಒಪ್ಪಿಸಬೇಕಿಲ್ಲ. ಮೊದಲು ಶಾಲೆಗೆ ಏನು ಬೇಕೆಂದು ಕೇಳಿಕೊಂಡು, ಅಷ್ಟನ್ನೇ ಬರೆದುಕೊಡಿ ಎಂದು ವೈದ್ಯರನ್ನು ಕೇಳಬಹುದು. ಮಾನಸಿಕ ಆರೋಗ್ಯದ ಮಾಹಿತಿ ಗೋಪ್ಯವಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು.

ಶಿಕ್ಷಕ ಮಿತ್ರರಲ್ಲಿ ಒಂದು ಮಾತು. ಇಂಥ ಪತ್ರ ಬಂದಾಗ ‘ಯಾಕಂತೆ? ಏನಾಯ್ತಂತೆ?’ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತದೆ. ಅದರ ಬದಲು ‘ನಾನೇನು ಮಾಡಲಿ?’ ಎಂದು ಕೇಳಿ. ಪೋಷಕರು ಎಷ್ಟು ಹೇಳಬೇಕೆಂಬುದು ನಾವು ಕೇಳುವ ಪ್ರಶ್ನೆಯ ಮೇಲೂ ನಿಂತಿದೆ.

ಈ ಎರಡು ದಿನಗಳಲ್ಲಿ ನೀವು ನಮ್ಮ ಶಾಲೆಗಳ ರಜಾ ಚೀಟಿಯನ್ನೇ ಮುಂದಿಟ್ಟುಕೊಂಡು ಚರ್ಚಿಸಬೇಕೆಂದು ಕೋರುತ್ತೇನೆ. ‘ಕಾರಣ’ ಎಂಬ ಎರಡು ಬೆರಳಿನ ಜಾಗ ಹಾಗೇ ಇರಲಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಬಹುದೇ ನೋಡಿ: ‘ಶಾಲೆಯಿಂದ ಬೇಕಾದದ್ದು.’ ಆ ಸಾಲಿದ್ದಿದ್ದರೆ ಆ ತಾಯಿ ಮೊದಲ ವಾರವೇ ಅದರಲ್ಲಿ ಏನನ್ನಾದರೂ ಬರೆಯುತ್ತಿದ್ದರು.