ಅಂಟು ಬೋನಸ್, ನಗದು ಬೋನಸ್: ಕೈಗೆ ಬರುವುದೆಷ್ಟು?

(ಮಸ್ಕತ್‌ನ ರೂವಿಯಲ್ಲಿ ಕನ್ನಡ ಗೆಳೆಯರ ಶುಕ್ರವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)



ನಾನು ಲೆಕ್ಕಪತ್ರದ ಕೆಲಸದವನು. ಹಾಗಾಗಿ ಇವತ್ತು ಜೂಜಿನ ಬಗ್ಗೆ ನೀತಿಬೋಧೆ ಮಾಡುವುದಿಲ್ಲ, ಒಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ. ನಮ್ಮ ಹುಡುಗರ ಮೊಬೈಲಿಗೆ ದಿನವೂ ಒಂದು ಸಂದೇಶ ಬರುತ್ತದೆ: "20 ರಿಯಾಲ್ ಹಾಕಿ, 40 ರಿಯಾಲ್‌ನಿಂದ ಆಡಿ." ಆನ್‌ಲೈನ್ ಕ್ಯಾಸಿನೋಗಳ ಸ್ವಾಗತ ಬೋನಸ್ ಇದು. ಆಸೆ ಹುಟ್ಟಿಸುವ ಈ ಸಾಲು ಒಮ್ಮೊಮ್ಮೆ ಕನ್ನಡದಲ್ಲೇ ಇರುತ್ತದೆ. ಆದರೆ ಕೈ ಕಟ್ಟಿಹಾಕುವ ಷರತ್ತುಗಳ ಪುಟ ಮಾತ್ರ ಇಂಗ್ಲಿಷಿನಲ್ಲಿ, ಅದೂ ಸಣ್ಣ ಅಕ್ಷರದಲ್ಲಿ! ಆ ಪುಟದಲ್ಲಿ ಏನಿರುತ್ತದೆ ಅನ್ನುವುದನ್ನು ಕನ್ನಡದಲ್ಲಿ ಹೇಳುವುದಷ್ಟೇ ನನ್ನ ಕೆಲಸ.

ಬೋನಸ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಇಂಗ್ಲಿಷಿನಲ್ಲಿ ಒಂದನ್ನು 'ಕ್ಯಾಶಬಲ್' ಎನ್ನುತ್ತಾರೆ, ಇನ್ನೊಂದನ್ನು 'ಸ್ಟಿಕಿ'. ನಾವು ನಗದು ಬೋನಸ್, ಅಂಟು ಬೋನಸ್ ಎಂದು ಕರೆಯೋಣ. ನಗದು ಬೋನಸ್ಸಿನಲ್ಲಿ ಷರತ್ತು ಪೂರೈಸಿದ ಮೇಲೆ ಬೋನಸ್ ಹಣವೂ ನಿಮ್ಮದೇ ಆಗುತ್ತದೆ, ಅದನ್ನೂ ಸೇರಿಸಿ ಹಿಂತೆಗೆಯಬಹುದು. ಅಂಟು ಬೋನಸ್ ಹಾಗಲ್ಲ. ಅದು ಮದುವೆಗೆ ಎರವಲು ತಂದ ಒಡವೆಯಿದ್ದಂತೆ. ಹಾಕಿಕೊಂಡು ಮೆರೆಯಬಹುದು, ಮನೆಗೆ ಒಯ್ಯುವಂತಿಲ್ಲ. ಅದರಿಂದ ಪಣ ಕಟ್ಟಬಹುದು, ಆದರೆ ನೀವು ಹಣ ತೆಗೆಯಲು ಹೊರಟ ಕ್ಷಣ ಕ್ಯಾಸಿನೋ ಆ ಮೊತ್ತವನ್ನು ನಿಮ್ಮ ಖಾತೆಯಿಂದ ಕಳೆದುಕೊಂಡು ಉಳಿದದ್ದನ್ನು ಕೊಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಹುಡುಗ 20 ರಿಯಾಲ್ ಕಟ್ಟುತ್ತಾನೆ, ಕ್ಯಾಸಿನೋ 20 ರಿಯಾಲ್ ಬೋನಸ್ ಸೇರಿಸುತ್ತದೆ. ಪರದೆಯ ಮೇಲೆ 40 ಕಾಣುತ್ತದೆ. ಷರತ್ತಿನ ಆಟವೆಲ್ಲ ಮುಗಿಸಿದಾಗ ಖಾತೆಯಲ್ಲಿ 65 ರಿಯಾಲ್ ಇದೆ ಎಂದುಕೊಳ್ಳಿ. ನಗದು ಬೋನಸ್ ಆಗಿದ್ದರೆ ಕೈಗೆ 65 ಬರುತ್ತದೆ, ಲಾಭ 45. ಅಂಟು ಬೋನಸ್ ಆಗಿದ್ದರೆ 20 ಕಳೆದು 45 ಬರುತ್ತದೆ, ಲಾಭ 25. ಇಲ್ಲಿಯವರೆಗೆ ಯಾರಿಗೂ ದೊಡ್ಡ ಬೇಸರವಿಲ್ಲ.

ಆದರೆ ಅದೇ ಹುಡುಗನ ಖಾತೆಯಲ್ಲಿ ಕೊನೆಗೆ 30 ರಿಯಾಲ್ ಉಳಿದಿದೆ ಎನ್ನಿ. 20 ಕಟ್ಟಿದ್ದೆ, 30 ಇದೆ, ಗೆದ್ದೆ ಎಂದು ಅವನಿಗೆ ಅನ್ನಿಸುತ್ತದೆ. ನಗದು ಬೋನಸ್ಸಿನಲ್ಲಿ ಅದು ನಿಜ. ಅಂಟು ಬೋನಸ್ಸಿನಲ್ಲಿ 20 ಕಳೆದರೆ ಅವನಿಗೆ ಸಿಗುವುದು 10 ರಿಯಾಲ್ ಮಾತ್ರ. ಅಂದರೆ ಪರದೆ ಗೆಲುವು ತೋರಿಸುತ್ತಿರುವಾಗಲೇ ಅವನು 10 ರಿಯಾಲ್ ಸೋತಿದ್ದಾನೆ. ಉಳಿದದ್ದು 18 ರಿಯಾಲ್ ಆದರೆ ಒಂದು ಬೈಸಾ ಕೂಡ ಸಿಗುವುದಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು: ನಗದು ಬೋನಸ್ಸಿನಲ್ಲಿ ನಿಮ್ಮ ಅಸಲು ವಾಪಸು ಬರಲು ಖಾತೆಯಲ್ಲಿ 20 ಇದ್ದರೆ ಸಾಕು, ಅಂಟು ಬೋನಸ್ಸಿನಲ್ಲಿ 40 ಇರಬೇಕು. ಅಂಟು ಬೋನಸ್‌ಗಳನ್ನು ಹೆಚ್ಚಾಗಿ ಇನ್ನೂರು, ಮುನ್ನೂರು ಪ್ರತಿಶತ ಎಂದು ದೊಡ್ಡದಾಗಿ ಕೊಡುವುದೂ ಇದಕ್ಕೇ. 20 ರಿಯಾಲಿಗೆ 60 ರಿಯಾಲ್ ಬೋನಸ್ ಕೊಟ್ಟು ಪರದೆಯಲ್ಲಿ 80 ತೋರಿಸಿದರೂ, ಖಾತೆಯಲ್ಲಿ 75 ಉಳಿಸಿಕೊಂಡವನಿಗೆ ಸಿಗುವುದು 15 ಮಾತ್ರ. ಎಂದಿಗೂ ಹೊರಗೆ ಹೋಗದ ಹಣವನ್ನು ಎಷ್ಟು ಕೊಟ್ಟರೆ ಅವರಿಗೇನು ನಷ್ಟ?

ಅಂಟು ಬೋನಸ್ ಮನುಷ್ಯನ ನಡತೆಯನ್ನೂ ಬದಲಿಸುತ್ತದೆ. ನಿಲ್ಲಿಸಿ ಹಣ ತೆಗೆದರೆ ಆ 20 ಮಾಯವಾಗುತ್ತದೆ, ಆಡುತ್ತಿದ್ದರೆ ಮಾತ್ರ ಅದಕ್ಕೆ ಬೆಲೆ. ಹಾಗಾಗಿ 'ಸಾಕು' ಎನ್ನಬೇಕಾದವನೂ 'ಇನ್ನೊಂದು ಕೈ' ಎನ್ನುತ್ತಾನೆ.

ಹಾಗಾದರೆ ನಗದು ಬೋನಸ್ ಒಳ್ಳೆಯದೇ? ಇಲ್ಲಿ 'ಷರತ್ತು ಪೂರೈಸಿದ ಮೇಲೆ' ಅನ್ನುವ ಮಾತನ್ನು ಬಿಡಿಸಿ ನೋಡಬೇಕು. ಹಣ ತೆಗೆಯುವ ಮುನ್ನ ಇಂತಿಷ್ಟು ಮೊತ್ತದ ಪಣ ಕಟ್ಟಿ ಆಡಿರಬೇಕು ಎನ್ನುವುದೇ ಆ ಷರತ್ತು. ಇದನ್ನು 'ವೇಜರಿಂಗ್' ಎನ್ನುತ್ತಾರೆ. ಷರತ್ತಿನಲ್ಲಿ '30x' ಎಂದಿದ್ದರೆ ಮೂವತ್ತು ಪಟ್ಟು ಎಂದರ್ಥ. ಯಾವುದರ ಮೂವತ್ತು ಪಟ್ಟು ಎಂದು ಮೊದಲು ಕೇಳಿ. ಬೋನಸ್ಸಿನದು ಮಾತ್ರವಾದರೆ 600 ರಿಯಾಲ್. ಕಟ್ಟಿದ ಹಣ ಮತ್ತು ಬೋನಸ್ ಎರಡೂ ಸೇರಿದ್ದಾದರೆ 1200 ರಿಯಾಲ್. '30x' ಅನ್ನುವುದು ಎರಡರಲ್ಲೂ ಒಂದೇ, ಲೆಕ್ಕ ಮಾತ್ರ ದುಪ್ಪಟ್ಟು.

1200 ರಿಯಾಲ್ ಪಣ ಕಟ್ಟುವುದೆಂದರೆ ಜೇಬಿನಿಂದ 1200 ತೆಗೆಯುವುದಲ್ಲ, ಇರುವ 40ನ್ನೇ ಮತ್ತೆ ಮತ್ತೆ ತಿರುಗಿಸುವುದು. ಒಂದು ಸಲಕ್ಕೆ 200 ಬೈಸಾ ಇಟ್ಟರೆ 6000 ಸಲ ಗುಂಡಿ ಒತ್ತಬೇಕು. ಸ್ಲಾಟ್ ಆಟದ ವಿವರದಲ್ಲಿ RTP 96% ಎಂದಿದ್ದರೆ, ದೀರ್ಘಾವಧಿಯ ಸರಾಸರಿಯಲ್ಲಿ ಪ್ರತಿ ಒಂದು ರಿಯಾಲ್ ಪಣಕ್ಕೆ 40 ಬೈಸಾ ಕ್ಯಾಸಿನೋ ಪಾಲು. ಹಾಗೆ ಲೆಕ್ಕ ಹಾಕಿದರೆ 1200 ರಿಯಾಲ್ ಪಣಕ್ಕೆ 48 ರಿಯಾಲ್ ಹೋಗುತ್ತದೆ. ಖಾತೆಯಲ್ಲಿ ಇದ್ದದ್ದೇ 40! ಅದೃಷ್ಟ ಕೈಹಿಡಿದ ಕೆಲವರು ಷರತ್ತು ಮುಗಿಸುತ್ತಾರೆ, ಬಹುಪಾಲು ಜನ ಅದಕ್ಕೂ ಮುಂಚೆಯೇ ಬರಿಗೈ ಆಗುತ್ತಾರೆ. ಬರಿಗೈ ಆದವನಿಗೆ ಬೋನಸ್ ನಗದಾದರೇನು, ಅಂಟಾದರೇನು?

ಷರತ್ತು 600 ರಿಯಾಲ್ ಆಗಿದ್ದರೂ ಸರಾಸರಿ ನಷ್ಟ 24. ಕೊಟ್ಟ ಬೋನಸ್ 20. ಈ ಸ್ಲಾಟ್ ಆಟದಲ್ಲಿ ಬೋನಸ್ಸಿನ 25 ಪಟ್ಟು ಪಣ ಕಟ್ಟುವಷ್ಟರಲ್ಲಿ ಬೋನಸ್ಸಿನಷ್ಟೇ ಹಣ ಸೋರಿಹೋಗಿರುತ್ತದೆ. ಅದಕ್ಕಿಂತ ಮುಂದೆ ನೀವು ಆಡುವುದು ನಿಮ್ಮ ಸಂಬಳದ ಹಣದಲ್ಲಿ.

'ಕ್ಯಾಸಿನೋ ಪಾಲು ಕಡಿಮೆಯಿರುವ ಇಸ್ಪೀಟಿನ ಆಟ ಆಡುತ್ತೇನೆ' ಎನ್ನುವ ಜಾಣರಿದ್ದಾರೆ. ಬ್ಲಾಕ್‌ಜಾಕ್ ಅನ್ನು ಸರಿಯಾದ ಕ್ರಮದಲ್ಲಿ ಆಡಿದರೆ ಕ್ಯಾಸಿನೋ ಪಾಲು ಸುಮಾರು ಅರ್ಧ ಪ್ರತಿಶತಕ್ಕೆ ಇಳಿಯುತ್ತದೆ, ನಿಜ. ಆದರೆ ಅನೇಕ ಕಡೆ ಆ ಆಟದ ಪಣದಲ್ಲಿ ಹತ್ತನೇ ಒಂದು ಭಾಗವನ್ನಷ್ಟೇ ಷರತ್ತಿಗೆ ಲೆಕ್ಕ ಹಿಡಿಯುತ್ತಾರೆ. ಆಗ 1200 ಮುಗಿಸಲು 12000 ರಿಯಾಲ್ ಆಡಬೇಕು, ಸರಾಸರಿ ನಷ್ಟ 60. ಆ ಬಾಗಿಲನ್ನು ಅವರು ಮೊದಲೇ ಮುಚ್ಚಿದ್ದಾರೆ.

ಇನ್ನೊಂದು ಪದದ ಗೊಂದಲವಿದೆ. ಈಚೆಗೆ 'ನಾನ್-ಸ್ಟಿಕಿ' ಎಂಬ ಬೋನಸ್ ಬಂದಿದೆ. ಅಂಟದ ಬೋನಸ್ ಅಂದರೆ ನಗದು ಬೋನಸ್ ಎಂದು ತಿಳಿಯಬೇಡಿ. ಇದರಲ್ಲಿ ಮೊದಲು ನಿಮ್ಮ ಸ್ವಂತ 20 ರಿಯಾಲ್ ಆಡಿಸುತ್ತಾರೆ. ಅದರಲ್ಲೇ ಗೆದ್ದರೆ ಬೋನಸ್ ಬಿಟ್ಟುಕೊಟ್ಟು ಹಣ ತೆಗೆಯಬಹುದು. ಸ್ವಂತ ಹಣ ಮುಗಿದ ಮೇಲೆ ಬೋನಸ್ ಶುರುವಾಗುತ್ತದೆ, ಪಣದ ಷರತ್ತೂ ಶುರುವಾಗುತ್ತದೆ. ಇದರಲ್ಲಿ ಒಳ್ಳೆಯದೆಂದರೆ ನಿಮ್ಮ ಹಣಕ್ಕೆ ಬೀಗ ಬೀಳುವುದಿಲ್ಲ. ಬೋನಸ್ ಕೊನೆಗೆ ಕೈಗೆ ಬರುತ್ತದೋ ಇಲ್ಲವೋ ಅನ್ನುವುದು ಬೇರೆಯೇ ಪ್ರಶ್ನೆ.

ಸ್ವಂತ ಹಣಕ್ಕೆ ಬೀಗ ಹಾಕುವುದರ ಬಗ್ಗೆ ಬ್ರಿಟನ್ನಿನಲ್ಲಿ ತಕರಾರು ಎದ್ದಿತ್ತು. ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರದ ತನಿಖೆಯ ನಂತರ 2018ರಲ್ಲಿ ಲ್ಯಾಡ್‌ಬ್ರೋಕ್ಸ್, ವಿಲಿಯಂ ಹಿಲ್ ಮೊದಲಾದ ಕಂಪನಿಗಳು, ಆಟಗಾರ ಕಟ್ಟಿದ ಅವನದೇ ಹಣವನ್ನು ತೆಗೆಯಲು ಪದೇಪದೇ ಆಡಬೇಕೆಂಬ ಷರತ್ತು ಹಾಕುವುದಿಲ್ಲ ಎಂದು ಒಪ್ಪಿಕೊಂಡವು. 2026ರ ಜನವರಿಯಿಂದ ಅಲ್ಲಿನ ಪರವಾನಗಿ ಪಡೆದವರು ಬೋನಸ್ಸಿನ ಹತ್ತು ಪಟ್ಟಿಗಿಂತ ಹೆಚ್ಚು ಪಣ ಕೇಳುವಂತಿಲ್ಲ. ನಮ್ಮ ಲೆಕ್ಕದಲ್ಲಿ ಅದು 200 ರಿಯಾಲ್ ಪಣ, ಸರಾಸರಿ ನಷ್ಟ 8. ಅಂದರೆ 20 ರಿಯಾಲ್ ಬೋನಸ್ಸಿನಲ್ಲಿ 12 ಉಳಿಯುವ ಸಾಧ್ಯತೆಯಾದರೂ ಇದೆ. ಗ್ರಾಹಕರ ಪರ ಕಾನೂನು ನಿಂತರೆ ಲೆಕ್ಕ ಹೇಗೆ ಬದಲಾಗುತ್ತದೆ ನೋಡಿ!

ಆದರೆ ಆ ರಕ್ಷಣೆ ಒಮಾನಿನಲ್ಲಿರುವ ನಮಗಿಲ್ಲ. ಇಲ್ಲಿ ಜೂಜು ಅಪರಾಧ. 2018ರ ದಂಡ ಸಂಹಿತೆಯಲ್ಲಿ ಅದಕ್ಕೆ ಶಿಕ್ಷೆಯಿದೆ. ಪರವಾನಗಿ ಪಡೆದ ಕ್ಯಾಸಿನೋ ದೇಶದಲ್ಲೇ ಇಲ್ಲ. ಹಾಗಾಗಿ ನಿಮ್ಮ 45 ರಿಯಾಲನ್ನು ಯಾವುದೋ ದ್ವೀಪದ ಕಂಪನಿ ತಡೆಹಿಡಿದರೆ ಯಾವ ಕಚೇರಿಯ ಮೆಟ್ಟಿಲು ಹತ್ತುತ್ತೀರಿ? ಇಲ್ಲಿ ದೂರು ಕೊಡುವುದೆಂದರೆ ನಮ್ಮ ತಪ್ಪನ್ನು ನಾವೇ ಬರೆದುಕೊಟ್ಟಂತೆ. ವೀಸಾ ಮೇಲೆ ದುಡಿಯುವವರು ಇದನ್ನು ಮೊದಲು ಯೋಚಿಸಬೇಕು. ಊರಿನ ಅಣ್ಣನ ಖಾತೆಯಿಂದ ಕಟ್ಟಿಸುತ್ತೇನೆ ಎನ್ನುವುದೂ ಬೇಡ. ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ, ಅವುಗಳ ಜಾಹೀರಾತನ್ನೂ, ಬ್ಯಾಂಕುಗಳು ಅವಕ್ಕೆ ಹಣ ಸಾಗಿಸುವುದನ್ನೂ ನಿಷೇಧಿಸುತ್ತದೆ.

ಈಗಾಗಲೇ ಹಣ ಕಟ್ಟಿ ಸಿಕ್ಕಿಕೊಂಡವರು ನಿಮ್ಮ ಕೊಠಡಿಯಲ್ಲೋ ಕ್ಯಾಂಪಿನಲ್ಲೋ ಇದ್ದರೆ ಗದರಿಸಬೇಡಿ. ಷರತ್ತಿನ ಪುಟ ತೆಗೆಸಿ ಅವರ ಜೊತೆ ಕೂತು ಓದಿ. ಅಲ್ಲಿ non-withdrawable ಎಂದೋ, ಹಣ ತೆಗೆಯುವಾಗ ಬೋನಸ್ ಕಳೆಯಲಾಗುತ್ತದೆ ಎಂದೋ ಇದ್ದರೆ ಅದು ಅಂಟು ಬೋನಸ್. ಆಗ ಪರದೆಯ ಮೊತ್ತದಿಂದ ಬೋನಸ್ ಕಳೆದು ನಿಜವಾಗಿ ಉಳಿದದ್ದೆಷ್ಟು ಎಂದು ಕಾಗದದ ಮೇಲೆ ಬರೆದು ತೋರಿಸಿ. ಬೋನಸ್ ಬಿಟ್ಟುಕೊಟ್ಟು ಸ್ವಂತ ಹಣ ತೆಗೆಯಲು ಅವಕಾಶವಿದ್ದರೆ ಅಷ್ಟನ್ನು ತೆಗೆದು ಖಾತೆ ಮುಚ್ಚಿಸಿ. ಬಿಟ್ಟುಕೊಟ್ಟರೆ ಬೋನಸ್ಸಿನಿಂದ ಬಂದ ಗೆಲುವೂ ಹೋಗಬಹುದು, ಅದನ್ನು ಮೊದಲೇ ಹೇಳಿ. 'ಹಣ ಬಿಡುಗಡೆಗೆ ಮೊದಲು 15 ರಿಯಾಲ್ ತೆರಿಗೆ ಕಟ್ಟಿ' ಎಂಬಂಥ ಸಂದೇಶ ಬಂದರೆ ಅದು ಅಂಟೂ ಅಲ್ಲ, ನಗದೂ ಅಲ್ಲ, ಶುದ್ಧ ಮೋಸ. ಒಂದು ಬೈಸಾ ಕೂಡ ಕಳಿಸಬಾರದು.

'20 ಹಾಕಿ, 40 ಆಡಿ' ಎಂದು ಹೇಳಿದವರು ಸುಳ್ಳು ಹೇಳಿಲ್ಲ. ಆಡಿ ಎಂದರು, ತೆಗೆದುಕೊಳ್ಳಿ ಎನ್ನಲಿಲ್ಲ. ಆ ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆ ಎಂದು ನಮ್ಮ ಹುಡುಗರಿಗೆ ನಮ್ಮ ನುಡಿಯಲ್ಲೇ ಬಿಡಿಸಿ ಹೇಳಬೇಕಾಗಿತ್ತು, ಹೇಳಿದ್ದೇನೆ. ಏನಾದರೂ ಕೇಳುವುದಿದ್ದರೆ ಚಹಾ ಕುಡಿಯುತ್ತಾ ಮಾತಾಡೋಣ.

ಸಿರಿಗನ್ನಡಂ ಗೆಲ್ಗೆ!